ನೋಟ್ಸಿನ ನಾಲ್ಕು ಕಾಲಂ, ಹಿಂಗಾರಿ ಜೋಳದ ಒಂದು ಹೊಲ

ಕೃಷಿ ಡಿಪ್ಲೊಮಾ ಓದುವ ಹುಡುಗರ ನೋಟ್ಸಿನಲ್ಲಿ ಬೆಳೆ ಉತ್ಪಾದನೆಯ ಪಾಠ ಸಾಮಾನ್ಯವಾಗಿ ಒಂದು ದೊಡ್ಡ ಕೋಷ್ಟಕದಲ್ಲಿ ಮುಗಿದುಹೋಗಿರುತ್ತದೆ. ಎಡಗಡೆ ಬೆಳೆಗಳ ಹೆಸರು, ಬಲಕ್ಕೆ ಹಂಗಾಮು, ಮಣ್ಣು, ನೀರಾವರಿ, ಕೀಟ ಎಂಬ ನಾಲ್ಕು ಕಾಲಂ. ಜೋಳದ ಎದುರಿಗೆ ಹೀಗಿರುತ್ತದೆ: ಮುಂಗಾರು ಮತ್ತು ಹಿಂಗಾರು, ಕಪ್ಪು ಮಣ್ಣು, ಮಳೆಯಾಶ್ರಿತ, ಸುಳಿ ನೊಣ, ಕಾಂಡ ಕೊರಕ, ಹೇನು. ಪರೀಕ್ಷೆಯ ಹಿಂದಿನ ರಾತ್ರಿ ಇದನ್ನು ಮೇಲಿನಿಂದ ಕೆಳಕ್ಕೆ ಬಾಯಿಪಾಠ ಮಾಡುತ್ತಾರೆ. ಮೊದಲು ಎಲ್ಲ ಬೆಳೆಗಳ ಹಂಗಾಮು, ಆಮೇಲೆ ಎಲ್ಲ ಬೆಳೆಗಳ ಮಣ್ಣು. ಬೆಳಗಾಗುವ ಹೊತ್ತಿಗೆ ಭತ್ತದ ಹುಳು ಕಡಲೆಗೆ ಹತ್ತಿರುತ್ತದೆ, ಶೇಂಗಾದ ಮಣ್ಣು ಹತ್ತಿಗೆ ಹೋಗಿರುತ್ತದೆ.

ಅದೇ ಕೋಷ್ಟಕವನ್ನು ಅಡ್ಡಕ್ಕೆ ಓದಿದರೆ ಬಾಯಿಪಾಠದ ಹೊರೆ ಅರ್ಧ ಇಳಿಯುತ್ತದೆ. ನಾಲ್ಕು ಕಾಲಮ್ಮಿನಲ್ಲಿ ಇರುವುದು ನಾಲ್ಕು ಬೇರೆ ಬೇರೆ ಸಂಗತಿಗಳಲ್ಲ. ಬಿತ್ತಿದ ತಾರೀಖು ಮತ್ತು ಮಣ್ಣಿನ ಆಳ ಇವೆರಡು ಗೊತ್ತಿದ್ದರೆ, ನೀರು ಎಂದು ಸಾಲದಾಗುತ್ತದೆ, ಯಾವ ಹುಳು ಯಾವ ವಾರ ಬರುತ್ತದೆ ಎಂಬುದನ್ನು ಬಹುಮಟ್ಟಿಗೆ ಲೆಕ್ಕ ಹಾಕಿಯೇ ಹೇಳಬಹುದು. ಇದನ್ನು ತೋರಿಸಲು ವಿಜಯಪುರ ಸೀಮೆಯ ಹಿಂಗಾರಿ ಬಿಳಿಜೋಳಕ್ಕಿಂತ ಒಳ್ಳೆಯ ಬೆಳೆ ಇಲ್ಲ. ಬಿತ್ತಿದ ಮೇಲೆ ಹೆಚ್ಚು ಮಳೆಯನ್ನು ನೆಚ್ಚುವಂತಿಲ್ಲದ, ಹೆಚ್ಚಿನ ಹೊಲಗಳಲ್ಲಿ ನೀರಾವರಿಯೂ ಇಲ್ಲದ ಬೆಳೆ ಅದು.

ಹಂಗಾಮಿನಿಂದಲೇ ಶುರುಮಾಡೋಣ. ಪುಸ್ತಕದಲ್ಲಿ ಹಿಂಗಾರು ಎಂದರೆ ಅಕ್ಟೋಬರಿನಿಂದ ಫೆಬ್ರುವರಿ. ಆದರೆ ಹಿಂಗಾರಿ ಜೋಳದ ಬಿತ್ತನೆಗೆ ಸರಿಯಾದ ಕಾಲ ಸೆಪ್ಟೆಂಬರಿನ ಎರಡನೆಯ ಪಕ್ಷದಿಂದ ಅಕ್ಟೋಬರಿನ ಮೊದಲ ಪಕ್ಷದವರೆಗೆ, ರೈತರ ಲೆಕ್ಕದಲ್ಲಿ ಉತ್ತರಾ ಮಳೆ ಮತ್ತು ಹಸ್ತಾ ಮಳೆಯ ನಡುವೆ. ವಿಜಯಪುರದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿ.ಮೀ. ಮಳೆ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಮಳೆ ಸುರಿಯುವ ತಿಂಗಳು ಸೆಪ್ಟೆಂಬರ್. ಜೂನ್, ಜುಲೈ, ಆಗಸ್ಟಿನಲ್ಲಿ ಹೊಲವನ್ನು ಖಾಲಿ ಬಿಟ್ಟು ನೀರು ಕುಡಿಸಿ, ಸೆಪ್ಟೆಂಬರಿನ ಮಳೆಯಿಂದ ಅದನ್ನು ತುಂಬಿಸಿ, ಮೇಲ್ಮಣ್ಣು ಹದಕ್ಕೆ ಬಂದ ಕೂಡಲೇ ಕೂರಿಗೆ ಹೂಡಬೇಕು. ತಡಮಾಡಿದರೆ ಮೇಲಿನ ಪದರು ಒಣಗಿ ಬೀಜ ಹುಟ್ಟುವುದಿಲ್ಲ.

ಅದೇ ಜೋಳವನ್ನು ಮುಂಗಾರಿನಲ್ಲಿ ಬಿತ್ತಿದರೆ ನೀರಿನ ಚಿಂತೆ ಕಡಿಮೆ ತಾನೇ ಎಂದು ಕೇಳಬಹುದು. ಕಡಿಮೆ ನಿಜ, ಆದರೆ ತೆನೆ ಹೊರಬಿದ್ದು ಕಾಳು ಕಟ್ಟುವಾಗ ಮಳೆ ಹಿಡಿದರೆ ಕಾಳಿಗೆ ಬೂಷ್ಟು ಹತ್ತಿ ಕಪ್ಪಾಗುತ್ತದೆ. ರೊಟ್ಟಿಗೆ ಬೇಕಾದ ಮುತ್ತಿನಂಥ ಬಿಳಿ ಕಾಳು ಒಣ ಚಳಿಯಲ್ಲೇ ಬಲಿಯಬೇಕು. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಸ್ಥಳೀಯ ಮಾಲದಂಡಿ ಜೋಳದಿಂದ ಆರಿಸಿ ತೆಗೆದ ಎಂ 35-1 ಎಂಬ ತಳಿ ಇಷ್ಟು ದಶಕ ಕಳೆದರೂ ಉತ್ತರ ಕರ್ನಾಟಕದ ಹೊಲ ಬಿಟ್ಟು ಹೋಗದಿರಲು ಈ ಕಾಳು ಒಂದು ಕಾರಣ, ದನಗಳಿಗೆ ಒಳ್ಳೆಯ ಕಣಿಕೆ ಸಿಗುವುದು ಇನ್ನೊಂದು. ನೋಟ್ಸಿನಲ್ಲಿ ಮುಂಗಾರು ಮತ್ತು ಹಿಂಗಾರು ಎಂದು ಒಂದೇ ಉಸಿರಿನಲ್ಲಿ ಬರೆದಿರುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ತಳಿಯಿಂದ ರೋಗದವರೆಗೆ ಅವೆರಡನ್ನೂ ಬೇರೆ ಬೆಳೆಗಳೆಂದೇ ಓದಿಕೊಳ್ಳುವುದು ಮೇಲು.

ಇನ್ನು ಮಣ್ಣು. ‘ಕಪ್ಪು ಮಣ್ಣು’ ಎಂದಷ್ಟೇ ಬರೆದರೆ ಒಂದು ಅಂಕ ಸಿಗಬಹುದು, ಆದರೆ ಬೆಳೆ ಬದುಕುತ್ತದೋ ಇಲ್ಲವೋ ಎಂಬುದು ಬಣ್ಣದ ಮೇಲೆ ನಿಂತಿಲ್ಲ, ಆಳದ ಮೇಲೆ ನಿಂತಿದೆ. ಎರೆ ಭೂಮಿ ನೀರಿನ ಹಗೇವು. ಅದರ ಜೇಡಿಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಬಿರಿಯುತ್ತವೆ. ಒಂದು ಮೀಟರ್ ಆಳದ ಒಳ್ಳೆಯ ಎರೆ ಮಣ್ಣು ಪೂರ್ತಿ ನೆನೆದಿದ್ದರೆ ಬೇರು ಹೀರಬಲ್ಲ ನೀರು ಸರಿಸುಮಾರು 150ರಿಂದ 200 ಮಿ.ಮೀ. ಇರುತ್ತದೆ. ಲೆಕ್ಕಕ್ಕೆ 180 ಎಂದಿಟ್ಟುಕೊಳ್ಳೋಣ, ಅಂದರೆ ಪ್ರತಿ 10 ಸೆಂ.ಮೀ. ಆಳಕ್ಕೆ 18 ಮಿ.ಮೀ.

ಈಗ ಎರಡು ಹೊಲ ಕಲ್ಪಿಸಿಕೊಳ್ಳಿ. ಮೊದಲನೆಯದು ಮೀಟರಿಗೂ ಮೀರಿ ಆಳವಿರುವ ಎರೆ, ಬಿತ್ತಿದ್ದು ಸೆಪ್ಟೆಂಬರ್ 25ಕ್ಕೆ. ಎರಡನೆಯದು ದಿಬ್ಬದ ಮಗ್ಗುಲಿನ ಹೊಲ, 45 ಸೆಂ.ಮೀ. ಕೆಳಗೆ ಗರಸು ಸಿಗುತ್ತದೆ, ಬಿತ್ತಿದ್ದು ಅಕ್ಟೋಬರ್ 20ಕ್ಕೆ. ಎರಡರಲ್ಲೂ ಬೀಜ ಅದೇ, ಹೊರಗಿನಿಂದ ನೋಡಿದರೆ ಬಣ್ಣವೂ ಅದೇ.

ಜೋಳ ಮೊದಲ ತಿಂಗಳು ಹೆಚ್ಚು ನೀರು ಕೇಳುವುದಿಲ್ಲ, ನೆಲದಿಂದ ಆವಿಯಾಗುವುದೂ ಸೇರಿ ಒಟ್ಟು 65 ಮಿ.ಮೀ. ಎನ್ನಬಹುದು. ಎರಡನೆಯ ಮತ್ತು ಮೂರನೆಯ ತಿಂಗಳಲ್ಲಿ ದಿನಕ್ಕೆ 4 ಮಿ.ಮೀ. ಆಸುಪಾಸು ಬೇಕು. ಕೊನೆಯ ತಿಂಗಳು ಮತ್ತೆ ಇಳಿಯುತ್ತದೆ. ಒಟ್ಟು 350 ಮಿ.ಮೀ. ಹತ್ತಿರ ಬರುತ್ತದೆ. ಮೊದಲ ಹೊಲದಲ್ಲಿ ಮೀಟರ್ ಮಣ್ಣಿನ 180, ಬಿತ್ತಿದ ಮೇಲೆ ಬಿದ್ದ ಹಸ್ತಾ, ಚಿತ್ತಾ ಮಳೆಯ 80, ಒಟ್ಟು 260 ಮಿ.ಮೀ. ಇದೆ ಎನ್ನಿ. ಮೊದಲ ತಿಂಗಳ 65, ಎರಡನೆಯ ತಿಂಗಳ 120 ಕಳೆದರೆ 75 ಉಳಿಯಿತು. ಅದು ಇನ್ನು 19 ದಿನಕ್ಕೆ ಸಾಕು, ಅಂದರೆ ಡಿಸೆಂಬರ್ ನಡುಭಾಗದವರೆಗೆ. ಅಷ್ಟರಲ್ಲಿ ತೆನೆ ಹೂವಾಡಿ ಮುಗಿದಿರುತ್ತದೆ. ಮೀಟರಿನಿಂದ ಕೆಳಗೂ ಮಣ್ಣಿರುವುದರಿಂದ ಬೇರು ಇನ್ನಷ್ಟು ಇಳಿದು ಕಾಳು ತುಂಬುವಷ್ಟು ನೀರು ಎಳೆದುಕೊಳ್ಳುತ್ತದೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಹಾಲ್ದುಂಬಿದ ತೆನೆ ಕಾಣುವುದು ಇಂಥ ಹೊಲದಲ್ಲಿ.

ಎರಡನೆಯ ಹೊಲದಲ್ಲಿ 45 ಸೆಂ.ಮೀ. ಮಣ್ಣಿನದು ಸುಮಾರು 80 ಮಿ.ಮೀ., ತಡವಾಗಿ ಬಿತ್ತಿದ್ದರಿಂದ ಮೇಲಿನ ಮಳೆ 20 ಮಾತ್ರ. ಒಟ್ಟು ನೂರು. ಮೊದಲ ತಿಂಗಳಿಗೆ 65 ಹೋದರೆ ಉಳಿಯುವ 35 ಒಂಬತ್ತು ದಿನದ ಮಾತು. ನವೆಂಬರ್ ಕೊನೆಗೆ, ಬೆಳೆಗೆ 39 ದಿನವಾದಾಗ, ಹೊಡೆ ಇನ್ನೂ ಮೂರು ವಾರ ದೂರವಿರುವಾಗಲೇ ನೀರು ತಳ ಮುಟ್ಟಿತು. ಹೊಲದಲ್ಲಿ ಇಷ್ಟು ಕರಾರುವಾಕ್ಕಾಗಿ ಆಗುವುದಿಲ್ಲ. ಬಾಯಾರಿದ ಗಿಡ ಎಲೆ ಸುರುಳಿ ಸುತ್ತಿಕೊಂಡು ಖರ್ಚು ತಗ್ಗಿಸುತ್ತದೆ, ಹಾಗಾಗಿ ಇನ್ನೂ ಕೆಲವು ದಿನ ಎಳೆಯಬಹುದು. ಆದರೂ ಎರಡು ಹೊಲಗಳ ನಡುವಿನ ಅಂತರ ಎಷ್ಟೆಂದು ಈ ಲೆಕ್ಕ ಹೇಳುತ್ತದೆ.

ಆಳ ತಿಳಿಯಲು ದೊಡ್ಡ ಸಲಕರಣೆ ಬೇಡ. ಹೊಲದ ನಾಲ್ಕಾರು ಕಡೆ ಗುಂಡಿ ತೋಡಿ, ಗರಸೋ ಕಲ್ಲೋ ಎಲ್ಲಿ ಸಿಗುತ್ತದೆ ಎಂದು ಅಳೆದರಾಯಿತು. ನೀರು ಎಲ್ಲಿವರೆಗೆ ಇಳಿದಿದೆ ಎಂದು ನೋಡಲು ಬಿತ್ತನೆಗೆ ಮುಂಚೆ ತೆಳ್ಳನೆಯ ಕಬ್ಬಿಣದ ಸರಳನ್ನು ಕೈಯಿಂದ ಒತ್ತಬೇಕು. ನೆನೆದ ಎರೆಯಲ್ಲಿ ಅದು ಸರಾಗ ಇಳಿದು, ಒಣ ಪದರು ಬಂದ ಕಡೆ ಗಕ್ಕನೆ ನಿಲ್ಲುತ್ತದೆ. ಎರಡಡಿಯಲ್ಲೇ ನಿಂತರೆ, ಮಣ್ಣು ಎಷ್ಟೇ ಆಳವಿರಲಿ, ಆ ವರ್ಷ ಆ ಹೊಲ ಎರಡಡಿಯದೇ.

ಹಾಗಾಗಿ ‘ಮಳೆಯಾಶ್ರಿತ’ ಎಂದು ಬರೆದ ಮಾತ್ರಕ್ಕೆ ನೀರಾವರಿಯ ಕಾಲಂ ಖಾಲಿಯಾಗುವುದಿಲ್ಲ. ಒಣಬೇಸಾಯದಲ್ಲಿ ನೀರಿನ ಕೆಲಸ ಬಿತ್ತುವ ಮೂರು ತಿಂಗಳು ಮೊದಲೇ ಶುರುವಾಗುತ್ತದೆ. ವಿಜಯಪುರದ ಒಣಬೇಸಾಯ ಸಂಶೋಧನೆಗೆ 1930ರ ದಶಕದ ಇತಿಹಾಸವಿದೆ. ಅಲ್ಲಿನ ಸಂಶೋಧನಾ ಕೇಂದ್ರ ಹೇಳಿಕೊಂಡು ಬಂದ ಚೌಕು ಮಡಿ ಈ ಕೆಲಸದ್ದೇ. ಮುಂಗಾರಿನ ಆರಂಭದಲ್ಲಿ ಹೊಲವನ್ನು ಮೂರರಿಂದ ನಾಲ್ಕೂವರೆ ಮೀಟರ್ ಅಳತೆಯ ಚೌಕಗಳಾಗಿ ಸಣ್ಣ ಬದುಗಳಿಂದ ಕಟ್ಟಿಬಿಡುತ್ತಾರೆ. ಬಿದ್ದ ಮಳೆ ಹರಿದುಹೋಗದೆ ಬಿದ್ದಲ್ಲೇ ನಿಂತು ಇಂಗುತ್ತದೆ. ಒಂದು ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್. ಹರಿದುಹೋಗುತ್ತಿದ್ದ 40 ಮಿ.ಮೀ. ತಡೆದರೂ ಮೇಲಿನ ಲೆಕ್ಕಕ್ಕೆ ಹತ್ತು ದಿನ ಸೇರಿತು. ಬಿತ್ತುವ ಮುಂಚೆ ಕುಂಟೆ ಹೊಡೆದು ಮಡಿಗಳನ್ನು ಸಮ ಮಾಡಿಕೊಳ್ಳುತ್ತಾರೆ.

ಬಿತ್ತಿದ ಮೇಲಿನ ಕೆಲಸ ಎಡೆಕುಂಟೆಯದು. ಅದನ್ನು ಕಳೆ ತೆಗೆಯುವ ಸಾಧನ ಎಂದು ಮಾತ್ರ ಓದಿಕೊಂಡವರು ಮೂರನೆಯ ಸಲ ಏಕೆ ಹೊಡೆಯಬೇಕೆಂದು ಉತ್ತರಿಸಲಾರರು, ಅಷ್ಟರಲ್ಲಿ ಕಳೆಯೇ ಇರುವುದಿಲ್ಲ. ಮೂರನೆಯ ವಾರದ ಎಡೆ ಕಳೆಗೆ. ಐದನೆಯ ವಾರದ್ದು ಮೇಲ್ಮಣ್ಣನ್ನು ಪುಡಿ ಮಾಡಿ ಕೆಳಗಿನ ತೇವಕ್ಕೆ ಹೊದಿಕೆ ಹಾಸಲು. ಎಂಟನೆಯ ವಾರದ ಸುಮಾರಿಗೆ ಹೊಡೆಯುವುದು ಬಿರುಕು ಮುಚ್ಚಲು. ಎರೆ ಭೂಮಿ ಬಿರಿಯಲು ಬಿಟ್ಟರೆ ಬೇರು ಹರಿಯುತ್ತದೆ, ಬಿರುಕಿನೊಳಗೆ ಗಾಳಿಯಾಡಿ ಆಳದ ತೇವವೂ ಆರಿಹೋಗುತ್ತದೆ.

ಒಂದೇ ಒಂದು ನೀರು ಕೊಡಲು ಅನುಕೂಲವಿದ್ದರೆ ಯಾವಾಗ ಕೊಡಬೇಕು ಎಂಬುದು ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ. ಉತ್ತರ: ಹೊಡೆ ಕಟ್ಟುವಾಗ, ಬಿತ್ತಿದ 55ರಿಂದ 60 ದಿನಕ್ಕೆ. ಎರಡು ನೀರಿದ್ದರೆ 30ನೇ ದಿನದ ಹೊತ್ತಿಗೆ ಇನ್ನೊಂದು, ಆಗ ಗಿಡದೊಳಗೆ ತೆನೆಯ ಮೊಳಕೆ ಮೂಡುತ್ತಿರುತ್ತದೆ. ಬಿರುಕು ದೊಡ್ಡದಾಗುವವರೆಗೆ ಕಾಯ್ದು ನೀರು ಬಿಟ್ಟರೆ ಸಾಲು ತುಂಬುವ ಮೊದಲೇ ನೀರೆಲ್ಲ ಬಿರುಕಿನಲ್ಲಿ ಇಳಿದುಹೋಗುತ್ತದೆ, ಹೊಲದ ತುದಿಗೆ ಮುಟ್ಟುವುದೇ ಇಲ್ಲ. ಕೃಷಿ ಹೊಂಡದಿಂದ ಎಷ್ಟಕ್ಕೆ ನೀರು ಸಾಲುತ್ತದೆ ಎಂಬುದನ್ನೂ ಲೆಕ್ಕ ಹಾಕಿ ನೋಡಬಹುದು. ಮೇಲ್ಭಾಗ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ, ಬದಿಗಳು ಒಂದಕ್ಕೊಂದು ಇಳಿಜಾರು ಎಂದರೆ ತಳ 6 ಮೀಟರ್ ಚೌಕ ಉಳಿಯುತ್ತದೆ. ತುಂಬಿದರೆ 252 ಘನ ಮೀಟರ್, ಅಂದರೆ ಎರಡೂವರೆ ಲಕ್ಷ ಲೀಟರ್. ಎಕರೆಗೆ 60 ಮಿ.ಮೀ. ನೀರು ಕೊಡಲು ಬೇಕಾಗುವುದು 2.43 ಲಕ್ಷ ಲೀಟರ್. ಒಂದು ಹೊಂಡ, ಒಂದು ಎಕರೆ, ಒಂದು ನೀರು. ನವೆಂಬರ್ ಕೊನೆಯವರೆಗೆ ಆವಿಯಾಗಿ, ಇಂಗಿ ಹೋಗುವುದನ್ನು ಕಳೆದರೆ ಅದೂ ಪೂರ್ತಿ ಸಿಗದು. ಐದು ಎಕರೆಗೆ ಈ ಹೊಂಡ ಸಾಕು ಎಂದು ಬರೆದ ಉತ್ತರಪತ್ರಿಕೆಗಳು ಲೆಕ್ಕ ಮಾಡದೆ ಬರೆದವು.

ಕೀಟದ ಕಾಲಮ್ಮಿಗೆ ಬಂದರೆ ಮೊದಲ ಹೆಸರು ಸುಳಿ ನೊಣದ್ದು. ಮನೆಯ ನೊಣಕ್ಕಿಂತ ಚಿಕ್ಕದು. ಮೊಳೆತ ಒಂದು ವಾರದಿಂದ ನಾಲ್ಕು ವಾರದೊಳಗಿನ ಸಸಿಯೇ ಅದಕ್ಕೆ ಬೇಕು. ಎಲೆಯ ಕೆಳಮೈಗೆ ನಡುನರದ ಗುಂಟ ಬಿಳಿಯ, ಉದ್ದನೆಯ ಮೊಟ್ಟೆಗಳನ್ನು ಒಂದೊಂದಾಗಿ ಅಂಟಿಸುತ್ತದೆ. ಒಂದೆರಡು ದಿನದಲ್ಲಿ ಮರಿ ಹೊರಬಂದು, ಎಲೆಯ ಮೇಲಿನ ತೇವದಲ್ಲಿ ಜಾರುತ್ತ ಸುಳಿಯೊಳಗೆ ಇಳಿದು, ಬೆಳೆಯುವ ತುದಿಯನ್ನೇ ಕಡಿದುಹಾಕುತ್ತದೆ. ಸುತ್ತಲ ಎಲೆ ಹಸಿರಾಗಿದ್ದು ನಡುವಿನ ಸುಳಿ ಮಾತ್ರ ಒಣಗಿ ನಿಲ್ಲುತ್ತದೆ.

ಕಾಂಡ ಕೊರಕವೂ ಸುಳಿ ಒಣಗಿಸುತ್ತದೆ, ಆದ್ದರಿಂದ ಇಲ್ಲಿ ಗುರುತು ತಪ್ಪುವುದು ಸುಲಭ. ಹೊಲಕ್ಕೆ ತರಬೇತಿಗೆ ಬಂದ ಹುಡುಗ ಪುಸ್ತಕ ತೆರೆದರೆ, ಹಳೆಯ ರೈತರು ‘ತಮ್ಮಾ, ಮೊದ್ಲ ಸುಳಿ ಕಿತ್ತು ಮೂಸಿ ನೋಡು’ ಎನ್ನುತ್ತಾರೆ. ಸುಳಿ ನೊಣದ ಕೆಲಸವಾಗಿದ್ದರೆ ಸುಳಿ ಸಲೀಸಾಗಿ ಕಿತ್ತು ಬರುತ್ತದೆ, ಅದರ ಬುಡ ಕೊಳೆತು ನಾರುತ್ತದೆ, ಸಸಿಯ ಬುಡದಿಂದ ಮರಿಕೊಂಬೆಗಳು ಹೊಡೆಯುತ್ತವೆ. ಕಾಂಡ ಕೊರಕವಾಗಿದ್ದರೆ ಅದಕ್ಕೂ ಮೊದಲೇ ಎಲೆಗಳಲ್ಲಿ ಸೂಜಿ ಚುಚ್ಚಿದಂತೆ ಸಾಲು ತೂತುಗಳು ಕಂಡಿರುತ್ತವೆ, ಗಿಡಕ್ಕೆ ತಿಂಗಳು ತುಂಬಿದ ಮೇಲೂ ಹಾನಿ ಮುಂದುವರಿಯುತ್ತದೆ, ಕಾಂಡ ಸೀಳಿದರೆ ಒಳಗೆ ಸುರಂಗವೂ ಹುಳುವೂ ಸಿಗುತ್ತದೆ.

ಎರಡು ಹೊಲಗಳಲ್ಲಿ ಯಾವುದಕ್ಕೆ ಸುಳಿ ನೊಣದ ಕಾಟ ಹೆಚ್ಚು? ತಡವಾಗಿ ಬಿತ್ತಿದ್ದಕ್ಕೆ. ಒಂದು ತಲೆಮಾರು ಮುಗಿಯಲು ಈ ನೊಣಕ್ಕೆ ಮೂರು ವಾರ ಸಾಕು. ಸೆಪ್ಟೆಂಬರಿನಲ್ಲಿ ಸುತ್ತಮುತ್ತ ಬಿತ್ತಿದ ಹೊಲಗಳಲ್ಲಿ ಅದು ಬೆಳೆದು ಹೆಚ್ಚಾಗಿರುತ್ತದೆ. ಆ ಹೊಲಗಳ ಗಿಡ ತಿಂಗಳು ದಾಟಿ ಬಲಿತಾಗ, ಹೆಚ್ಚಿದ ನೊಣಕ್ಕೆಲ್ಲ ಎಳೆ ಸಸಿ ಸಿಗುವುದು ಅಕ್ಟೋಬರ್ 20ರ ಹೊಲದಲ್ಲಿ ಮಾತ್ರ. ಕೋಷ್ಟಕದ ಕೀಟದ ಕಾಲಮ್ಮು ಹಂಗಾಮಿನ ಕಾಲಮ್ಮಿಗೆ ಗಂಟುಬಿದ್ದಿರುವುದು ಇಲ್ಲಿಯೇ. ಸಕಾಲದಲ್ಲಿ ಊರವರೆಲ್ಲ ಒಟ್ಟಿಗೆ ಬಿತ್ತುವುದೇ ಇದಕ್ಕೆ ಮೊದಲ ಔಷಧ. ಎರಡನೆಯದು ಬೀಜೋಪಚಾರ. ಇಮಿಡಾಕ್ಲೋಪ್ರಿಡ್ ಅಥವಾ ಥಯೋಮೆಥಾಕ್ಸಾಮ್‌ನ ಬೀಜೋಪಚಾರದ ಪುಡಿ, ದ್ರಾವಣಗಳಿವೆ, ಪ್ರಮಾಣವನ್ನು ಪೊಟ್ಟಣದ ಚೀಟಿ ನೋಡಿಯೇ ಹಾಕಬೇಕು, ಕೈಗವಸಿಲ್ಲದೆ ಮುಟ್ಟಬಾರದು. ಸುಳಿ ಒಣಗಿದ್ದು ಕಂಡ ಮೇಲೆ ಸಿಂಪಡಿಸುವುದರಿಂದ ಆ ಸಸಿಗೆ ಏನೂ ಉಪಯೋಗವಿಲ್ಲ, ಸುಳಿ ಆಗಲೇ ಸತ್ತಿರುತ್ತದೆ. ಸಸಿಗೆ ತಿಂಗಳು ದಾಟಿದ್ದರಂತೂ ನೊಣವೇ ಅದರ ಹಂಬಲ ಬಿಟ್ಟಿರುತ್ತದೆ.

ಬೀಜದ ಪ್ರಮಾಣದ ಲೆಕ್ಕವೂ ಇದಕ್ಕೇ ಬಂದು ಸೇರುತ್ತದೆ. ಸಾಲಿನಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಎಂದರೆ ಎಕರೆಗೆ ಸುಮಾರು 60,000 ಗಿಡ. ಎಂ 35-1ರ ಸಾವಿರ ಕಾಳು 35 ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ 3 ಕೆ.ಜಿ. ಬೀಜದಲ್ಲಿ 85,000 ಕಾಳು. ಹೆಚ್ಚಿಗೆ ಬಿದ್ದ 25,000 ಕಾಳು ಮೊಳೆಯದವುಗಳಿಗೆ ಮತ್ತು ಸುಳಿ ನೊಣಕ್ಕೆ ಬಿಟ್ಟ ಪಾಲು. ಆದ್ದರಿಂದ ಒತ್ತಾದ ಸಸಿ ಕೀಳುವ ಕೆಲಸವನ್ನು ಮೂರನೆಯ ವಾರದವರೆಗೆ ತಡೆದು, ಸುಳಿ ಸತ್ತವನ್ನೇ ಮೊದಲು ಕಿತ್ತು ಹೊಲದಿಂದ ಹೊರಗೆ ಹಾಕಬೇಕು. ಬೇಗ ಕಿತ್ತು 60,000ಕ್ಕೆ ತಂದವರ ಹೊಲದಲ್ಲಿ ಆಮೇಲೆ ಸತ್ತದ್ದೆಲ್ಲ ಖಾಲಿ ಜಾಗ.

ಆಳ ಕಡಿಮೆಯಿರುವ ಹೊಲಕ್ಕೆ ಇನ್ನೊಂದು ಕಂಟಕ ಉಳಿದಿದೆ, ಅದು ಹುಳುವಲ್ಲ, ಇದ್ದಿಲು ಕೊಳೆ ರೋಗ. ಮ್ಯಾಕ್ರೊಫೋಮಿನಾ ಎಂಬ ಶಿಲೀಂಧ್ರ ಮಣ್ಣಿನಲ್ಲಿ ಸದಾ ಇರುತ್ತದೆ. ಗಟ್ಟಿಮುಟ್ಟಾದ ಗಿಡಕ್ಕೆ ಅದು ಹೆಚ್ಚೇನೂ ಮಾಡದು. ಕಾಳು ತುಂಬುವ ಹೊತ್ತಿಗೆ ನೀರು ಮುಗಿದರೆ ಗಿಡ ತನ್ನ ಕಾಂಡದಲ್ಲಿದ್ದ ಸತ್ವವನ್ನೆಲ್ಲ ತೆನೆಗೆ ಸುರಿಯುತ್ತದೆ, ಬುಡ ದುರ್ಬಲವಾಗುತ್ತದೆ, ಆಗ ಶಿಲೀಂಧ್ರ ಒಳಹೊಕ್ಕು ಕಾಂಡ ಟೊಳ್ಳು ಮಾಡುತ್ತದೆ. ಜನವರಿಯ ಒಂದು ಗಾಳಿಗೆ ಬೆಳೆ ಮಲಗಿಬಿಡುತ್ತದೆ. ಮಲಗಿದ ಗಿಡದ ಬುಡದ ಗೆಣ್ಣನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ನೋಡಿದರೆ ತಿರುಳು ಕರಗಿ ನಾರುಗಳಷ್ಟೇ ಉಳಿದಿರುತ್ತವೆ, ನಾರಿನ ಮೇಲೆ ಇದ್ದಿಲ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳಿರುತ್ತವೆ. ಗಾಳಿಗೆ ಬಿದ್ದ ಬೆಳೆ ಎಂದು ಬರೆದುಕೊಳ್ಳುವ ಮುಂಚೆ ಇಷ್ಟು ನೋಡಲೇಬೇಕು. ಒತ್ತಾಗಿ ಬಿಟ್ಟ ಗಿಡ, ಹದ ಮೀರಿ ಹಾಕಿದ ಯೂರಿಯಾ ಇವು ರೋಗವನ್ನು ಹೆಚ್ಚಿಸುತ್ತವೆ. ಎರಡೂ ಮೊದಲು ಸೊಂಪಾದ ಎಲೆ ಕೊಟ್ಟು, ಇದ್ದ ನೀರನ್ನು ಬೇಗ ಮುಗಿಸಿಹಾಕುತ್ತವೆ. ಒಣಬೇಸಾಯದ ಜೋಳಕ್ಕೆ ಎಕರೆಗೆ 20 ಕೆ.ಜಿ. ಸಾರಜನಕ, 10 ಕೆ.ಜಿ. ರಂಜಕ ಎಂಬ ಶಿಫಾರಸು ಅಷ್ಟಕ್ಕೇ ನಿಲ್ಲುವುದು, ಅದನ್ನೂ ಬಿತ್ತುವಾಗಲೇ ಬೀಜದ ಕೆಳಗಿನ ತೇವದ ಪದರಿಗೆ ಬೀಳಿಸು ಎನ್ನುವುದು ಇದಕ್ಕೇ. ರೋಗ ಬಂದ ಮೇಲೆ ಸಿಂಪಡಿಸಿ ನಿಲ್ಲಿಸಬಲ್ಲ ಔಷಧ ಇಲ್ಲ.

ಅಡ್ಡಕ್ಕೆ ಓದುವ ಈ ರೂಢಿ ಬೇರೆ ಬೆಳೆಗಳಿಗೂ ಸಲ್ಲುತ್ತದೆ. ತುಂಗಭದ್ರಾ ಕಾಲುವೆಯ ಭತ್ತದಲ್ಲಿ ಸದಾ ನಿಂತ ನೀರು, ಒತ್ತಾದ ನಾಟಿ, ಮಿತಿಮೀರಿದ ಯೂರಿಯಾ ಕೂಡಿದ ಗದ್ದೆಯಲ್ಲಿ ಕಂದು ಜಿಗಿಹುಳು ಬುಡಕ್ಕೆ ಮುತ್ತಿ ಬೆಳೆ ಸುಟ್ಟಂತೆ ಒಣಗುತ್ತದೆ, ನೀರು ಬಸಿದು ಗದ್ದೆ ಆರಿಸುವುದೇ ಅಲ್ಲಿ ಕೀಟ ನಿರ್ವಹಣೆ. ಹಳೆಯ ನೋಟ್ಸು ನೆಚ್ಚಿಕೊಂಡವರು ಒಂದು ಹೆಸರನ್ನು ಕೈಯಿಂದ ಬರೆದು ಸೇರಿಸಿಕೊಳ್ಳಬೇಕು. ಭಾರತದಲ್ಲಿ ಮೊದಲ ಸಲ ಫಾಲ್ ಸೈನಿಕ ಹುಳು ಕಂಡದ್ದು 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಸುಳಿಯೊಳಗೆ ಕುಳಿತು ಲದ್ದಿ ತುಂಬುವ ಈ ಹುಳು ಈಗ ಜೋಳಕ್ಕೂ ಬರುತ್ತದೆ. ಅದರ ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಬಾಲದ ಬಳಿ ಚೌಕಕ್ಕೆ ಜೋಡಿಸಿದ ನಾಲ್ಕು ಕಪ್ಪು ಚುಕ್ಕೆ ಇರುತ್ತವೆ. ಸುಳಿ ನೊಣದ ಮರಿಗೆ ಕಾಲೂ ಇಲ್ಲ, ತಲೆಯೂ ಎದ್ದು ಕಾಣದು, ಆದ್ದರಿಂದ ಹುಳು ಕೈಗೆ ಸಿಕ್ಕರೆ ಗೊಂದಲವಿಲ್ಲ.

ಅಕ್ಟೋಬರ್ 20ಕ್ಕೂ ಬಿತ್ತದೆ ಉಳಿದ ಹೊಲಕ್ಕೆ ಏನು ಹೇಳುವುದು? ಮಣ್ಣು ಮಧ್ಯಮ ಆಳದ್ದಾಗಿ, ಸರಳು ಎರಡಡಿಗಿಂತ ಕೆಳಗೆ ಇಳಿದರೆ ಜೋಳದ ಆಸೆ ಬಿಟ್ಟು ಕಡಲೆ ಹಾಕುವುದು ಲೇಸು. ಅದು ಜೋಳಕ್ಕಿಂತ ಕಡಿಮೆ ನೀರಿನಲ್ಲಿ, ನೂರು ದಿನದ ಆಸುಪಾಸಿನಲ್ಲಿ ಮುಗಿಯುತ್ತದೆ, ಸುಳಿ ನೊಣ ಅದರ ತಂಟೆಗೆ ಬರುವುದಿಲ್ಲ. ಕಾಯಿ ಕೊರಕ ಬರುತ್ತದೆ, ಹೂವಿನ ಕಾಲದಿಂದ ಅದನ್ನು ಕಾಯಬೇಕು. 45 ಸೆಂ.ಮೀ.ಗೇ ಗರಸು ಸಿಗುವ ದಿಬ್ಬದ ಹೊಲವಾದರೆ ಹಿಂಗಾರಿನಲ್ಲಿ ಜೋಳಕ್ಕೆಂದು ಕಾಯಿಸುವುದೇ ಬೇಡ. ಮುಂಗಾರಿನಲ್ಲೇ ಸಜ್ಜೆಯಂಥ ಅಲ್ಪಾವಧಿ ಬೆಳೆ ಹಾಕಿದರೆ, ಬೀಳುವ ಮಳೆಯಲ್ಲೇ ಬೆಳೆದು ಅದು ಕೊಯ್ಲಿಗೆ ಬಂದಿರುತ್ತದೆ.